ಕುಂಕುಮದ ಕೆಳಗಿದ್ದ ಐದನೇ ಬಟನ್

ಫೋಟೋ ನೋಡಿಯೇ ಸ್ಪೀಕರಿನ ಮಾಡೆಲ್ ಹೇಳಿಬಿಡುತ್ತೇನೆ ಎಂಬ ಜಂಬ ನನಗಿತ್ತು. ಮೂಡಿಗೆರೆಯಲ್ಲಿ ಅಪ್ಪ ನಡೆಸುತ್ತಿದ್ದ ರೇಡಿಯೊ ರಿಪೇರಿ ಅಂಗಡಿಯನ್ನು ಮೊಬೈಲ್ ಅಂಗಡಿ ಮಾಡಿಕೊಂಡು ಕೂತವಳು ನಾನು. ಸುತ್ತಲಿನ ಎಸ್ಟೇಟುಗಳಲ್ಲೆಲ್ಲ ಹೋಂಸ್ಟೇ ಆದಮೇಲೆ ಬ್ಲೂಟೂತ್ ಸ್ಪೀಕರುಗಳ ಕಾಟ ಶುರುವಾಯಿತು. ಅಡಿಯ ಸ್ಟಿಕ್ಕರ್ ಅಳಿಸಿರುತ್ತದೆ, ಡಬ್ಬ ಎಸೆದಿರುತ್ತಾರೆ, ಮಾಡೆಲ್ ನಂಬರ್ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ನನ್ನದೊಂದು ಪದ್ಧತಿ: ಮುಂದಿನ ಜಾಲರಿಯದೊಂದು, ಮೇಲಿನ ಬಟನ್‌ಗಳದೊಂದು, ಹಿಂದಿನ ಚಾರ್ಜಿಂಗ್ ತೂತಿನದೊಂದು, ಒಟ್ಟು ಮೂರು ಫೋಟೋ ಕಳಿಸಿ ಅನ್ನುತ್ತಿದ್ದೆ. ಕಂಪನಿಯ ಚಿತ್ರಗಳ ಜೊತೆ ಹೋಲಿಸಿ, ಜೋಡಿಸುವುದು ಹೇಗೆ, ರೀಸೆಟ್ ಹೇಗೆ ಅಂತ ಬರೆದು ಕಳಿಸುತ್ತಿದ್ದೆ.

ದೀಪಾವಳಿ ಮುಗಿದ ಮರುವಾರ ಕಳಸದ ರಸ್ತೆಯ ಎಸ್ಟೇಟೊಂದರ ಸಾವುಕಾರರು ಫೋನ್ ಮಾಡಿದರು. ನಮಸ್ಕಾರ ಗಿಮಸ್ಕಾರ ಏನಿಲ್ಲ.

"ನಮ್ಮ ಸ್ಪೀಕರ್ ಫೋನಿಗೆ ಕನೆಕ್ಟ್ ಆಗ್ತಾ ಇಲ್ಲ. ಕ್ಲೀನ್ ಮಾಡೋಳು ನೀರು ಹಾಕಿ ಒರೆಸಿದಾಳೆ. ಅಡಿ ಸ್ಟಿಕ್ಕರೇ ಅಳಿಸಿಹೋಗಿದೆ ಅಂದ್ಮೇಲೆ ನೀವೇ ನೋಡ್ಕಳಿ. ಶುಕ್ರವಾರ ಗೆಸ್ಟ್ ಬರ್ತಾರೆ."

ಅವರ ದನಿ ಕೇಳಿದರೇ ನನಗೆ ಮೈ ಉರಿಯುತ್ತದೆ. ಹಿಂದೊಮ್ಮೆ ಚಾರ್ಜರ್ ವಿಷಯಕ್ಕೆ ಹತ್ತು ಜನರೆದುರು ನನ್ನನ್ನು ಮೋಸಗಾತಿ ಅಂದಿದ್ದರು. ಆದರೂ ಫೋಟೋ ಕೇಳಿದೆ, ಕಳಿಸಿದರು. ಉರುಟು ಕೊಳವೆಯಂಥ ಸ್ಪೀಕರು, ಸಣ್ಣ ಸಣ್ಣ ತೂತಿನ ಕಬ್ಬಿಣದ ಜಾಲರಿ. ಒಂದೇ ಕಂಪನಿಯಲ್ಲಿ ಈ ಆಕಾರದ್ದು ಎರಡು ಮಾಡೆಲ್ ಇವೆ. ಒಂದಕ್ಕೆ ನಾಲ್ಕು ಬಟನ್: ಪವರ್, ಮೈನಸ್, ಪ್ಲಸ್, ಪ್ಲೇ. ಇನ್ನೊಂದಕ್ಕೆ ಐದು, ಬ್ಲೂಟೂತಿಗೇ ಬೇರೆ ಬಟನ್ ಇದೆ. ಫೋಟೋದಲ್ಲಿ ಎಣಿಸಿದೆ. ನಾಲ್ಕು.

ನಾಲ್ಕು ಬಟನ್ನಿನದರ ಕ್ರಮ ಬರೆದು ಕಳಿಸಿದೆ: ಪ್ಲೇ ಬಟನ್ ಮೂರು ಸೆಕೆಂಡ್ ಒತ್ತಿಹಿಡಿಯಿರಿ, ನೀಲಿ ಲೈಟ್ ಬೇಗ ಬೇಗ ಮಿನುಗಬೇಕು. ಆಗದಿದ್ದರೆ ಪ್ಲಸ್, ಮೈನಸ್ ಎರಡನ್ನೂ ಒಟ್ಟಿಗೆ ಹಿಡಿದು ರೀಸೆಟ್ ಮಾಡಿ. ಹತ್ತು ನಿಮಿಷಕ್ಕೆ ಮತ್ತೆ ಫೋನು. ಏನೂ ಆಗಲಿಲ್ಲವಂತೆ. ಆನ್ ಆದಾಗ ಟುಣ್ ಅನ್ನುತ್ತದೆ, ಅಷ್ಟೇ.

"ಹಾಗಾದ್ರೆ ಬ್ಲೂಟೂತ್ ಭಾಗ ಹೋಗಿರ್ಬೇಕು ಸಾರ್. ನೀರು ಗೀರು ಹೋದ್ರೂ ಹಾಗಾಗ್ತದೆ" ಅಂದೆ.

"ಅದನ್ನೇ ಮೆಸೇಜ್ ಹಾಕಿ."

ಪೀಡೆ ತೊಲಗಲಿ ಅಂತ ಹಾಕಿಬಿಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಹಗುರಾಗಿ ಇನ್ನೊಂದು ಮಾತು ಬರೆದಿಲ್ಲ.

ಮರುದಿನ ಬೆಳಿಗ್ಗೆ ಶಟರ್ ಎತ್ತುವಾಗಲೇ ಒಬ್ಬ ಹೆಂಗಸು ಬಂದು ನಿಂತಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಒಳಗೆ ಬಾ ಅಂದರೂ ಬರಲಿಲ್ಲ.

"ನೀರು ಹೋಗಿದೆ ಅಂತ ಬರ್ದೋರು ನೀವೇನಾ?"

ಸಾವುಕಾರರು ಹೇಳಿದ ಕ್ಲೀನ್ ಮಾಡೋಳು ಇವಳೇ ಅಂತ ಆಗ ಹೊಳೆಯಿತು.

"ನಿಮ್ಮ ಮೆಸೇಜು ತೋರ್ಸಿ, ಕೆಲಸ ಬಿಡು, ಭಾನುವಾರದೊಳಗೆ ಎಸ್ಟೇಟಿನ ಲೈನ್‌ಮನೆ ಖಾಲಿ ಮಾಡು ಅಂದ್ರು ಸಾವ್ಕಾರ್ರು. ಹದಿನಾಲ್ಕು ವರ್ಷ ಆ ಮನೇಲಿ ಇದೀನಿ. ನೀವು ಆ ಸ್ಪೀಕರ್ ಕೈಯಲ್ಲಿ ಮುಟ್ಟಿ ನೋಡಿದ್ರಾ?"

"ಫೋಟೋ ನೋಡ್ದೆ" ಅಂದೆ.

"ಬಟ್ಟೆ ಹಿಂಡಿ ಹಿಂಡಿ ಒರಸ್ತೀನಿ ನಾನು. ಆ ಕುಂಕುಮದ ಜಾಗ ಒಂದು ಬಿಟ್ಟು. ಅದನ್ನ ಮುಟ್ಬಾರದು ಅಂತ ಅವ್ರೇ ಹೇಳಿದ್ದು. ಮುಟ್ಟಿಲ್ಲ."

ಫೋನಿನಲ್ಲಿ ಆ ಫೋಟೋ ತೆಗೆದೆ. ಬಟನ್‌ಗಳ ಸಾಲಿನಲ್ಲಿ ಪವರಿಗೂ ಮೈನಸ್ಸಿಗೂ ನಡುವೆ ಗಂಧ ಕುಂಕುಮದ ದಪ್ಪ ಬೊಟ್ಟು. ಆಯುಧ ಪೂಜೆಯದ್ದು. ನಿನ್ನೆಯೂ ಅದು ನನ್ನ ಕಣ್ಣೆದುರೇ ಇತ್ತು. ನಮ್ಮ ಕಡೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ, ಜೀಪಿಗೆ, ತಕ್ಕಡಿಗೆ, ನನ್ನ ಅಂಗಡಿಯ ಸೋಲ್ಡರಿಂಗ್ ಗನ್ನಿಗೂ ಕುಂಕುಮ ಇರುತ್ತದೆ. ಮಷೀನಿನ ಮೇಲೆ ಕುಂಕುಮ ಕಂಡರೆ ನಾವು ಅದನ್ನು ನೋಡುವುದೇ ಇಲ್ಲ. ಈಗ ನೋಡಿದೆ. ಉಳಿದ ಬಟನ್‌ಗಳ ನಡುವೆ ಒಂದೇ ಅಳತೆಯ ಅಂತರ, ಇಲ್ಲಿ ಮಾತ್ರ ಇನ್ನೊಂದು ಬಟನ್ ಕೂರುವಷ್ಟು ಜಾಗ.

ಜಾಲರಿಯ ಫೋಟೋ ದೊಡ್ಡದು ಮಾಡಿದೆ. ನಾಲ್ಕು ಬಟನ್ನಿನ ಮಾಡೆಲಿನಲ್ಲಿ ಜಾಲರಿ ಎರಡೂ ತುದಿಗಿಂತ ಒಂದು ಬೆರಳಷ್ಟು ಮೊದಲೇ ನಿಲ್ಲುತ್ತದೆ, ಆಚೆ ಬರೀ ರಬ್ಬರು. ಇದರಲ್ಲಿ ಜಾಲರಿ ತುದಿಯವರೆಗೂ ಹೋಗಿತ್ತು. ಐದು ಬಟನ್ನಿನದು. ಜಾಲರಿ ನಿನ್ನೆಯೇ ನಿಜ ಹೇಳಿತ್ತು. ನಾನು ಬಟನ್ ಎಣಿಸಿ ಮುಗಿಸಿಬಿಟ್ಟಿದ್ದೆ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು.

ಶಟರ್ ಎಳೆದು ಅವಳ ಜೊತೆಗೇ ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವಳು ನನ್ನ ಪಕ್ಕದಲ್ಲಿ ಕೂರಲಿಲ್ಲ.

ಸಾವುಕಾರರು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಅವಳನ್ನು ಕಂಡದ್ದೇ ತಡ, "ಇವಳನ್ಯಾಕೆ ಕರ್ಕೊಂಡ್ ಬಂದ್ರಿ?" ಅಂದರು.

"ನಾನು ಬಂದಿರೋದು ನನ್ನ ತಪ್ಪು ಸರಿ ಮಾಡಕ್ಕೆ. ಸ್ಪೀಕರ್ ತರ್ಸಿ."

"ನೀವೇ ಹೇಳಿದ್ರಲ್ಲ, ಹೋಗಿದೆ ಅಂತ."

"ನಾನು ಹೇಳಿದ್ದು ತಪ್ಪು. ಸಾರ್, ನೀವು ಫೋನ್ ಯಾವಾಗ ಬದಲಾಯಿಸಿದ್ರಿ?"

ಅವರಿಗೆ ಪ್ರಶ್ನೆಯೇ ಹಿಡಿಸಲಿಲ್ಲ. "ದೀಪಾವಳಿಗೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಅದಕ್ಕೇ ಇದ್ದದ್ದು ಸಂಬಂಧ. ಸ್ಪೀಕರು ಆನ್ ಆದ ಕೂಡಲೇ ಒಮ್ಮೆ ಜೋಡಿಸಿದ ಹಳೇ ಫೋನನ್ನು ತಾನೇ ಹುಡುಕಿಕೊಂಡು ಹೋಗುತ್ತದೆ. ಅದಕ್ಕೆ ಯಾವ ಬಟನ್ನೂ ಬೇಡ. ಹೊಸ ಫೋನಿಗೆ ಜೋಡಿಸಬೇಕಾದರೆ ಮಾತ್ರ ಬ್ಲೂಟೂತ್ ಬಟನ್ ಒತ್ತಬೇಕು. ಆ ಬಟನ್ನಿನ ಮೇಲೆ ಇವರೇ ಕೈಯಾರೆ ಗಂಧ ಮೆತ್ತಿ, ಒರೆಸಬಾರದು ಅಂತ ಅಪ್ಪಣೆ ಮಾಡಿದ್ದರು.

ನಾನು ಅವಳ ಕೈಗೇ ಬಟ್ಟೆ ಕೊಟ್ಟೆ. ಅವಳು ಸಾವುಕಾರರ ಮುಖ ನೋಡಿದಳು. ಅವರು ಬೇಡವೆನ್ನಲಿಲ್ಲ. ಒಣಗಿದ ಗಂಧ ಸಿಪ್ಪೆಯ ಹಾಗೆ ಎದ್ದುಬಂತು. ಕೆಳಗೆ ಮೇಲ್ಮೈಗೆ ಸಮನಾಗಿ ಕೂತ ರಬ್ಬರ್ ಬಟನ್, ಅದರ ಮೇಲೆ ಬ್ಲೂಟೂತ್ ಗುರುತು.

ಸ್ಪೀಕರ್ ಆನ್ ಮಾಡಿ, ಈ ಮಾಡೆಲಿಗೆ ಕಂಪನಿಯವರು ಹೇಳಿದ ಹಾಗೆ ಪ್ಲಸ್, ಪ್ಲೇ ಎರಡನ್ನೂ ಲೈಟ್ ಆರುವವರೆಗೆ ಹಿಡಿದೆ. ಬಂದುಹೋದ ಗೆಸ್ಟುಗಳ ಫೋನೂ ಸೇರಿ ಹಳೆಯದೆಲ್ಲ ಮರೆತುಹೋಯಿತು. ಮತ್ತೆ ಆನ್ ಮಾಡಿ, "ಅದನ್ನ ಒತ್ತು" ಅಂದೆ. ಒತ್ತಿದಳು. ನೀಲಿ ಲೈಟು ಪಟಪಟ ಮಿನುಗಿತು. ಸಾವುಕಾರರ ಫೋನಿನ ಪಟ್ಟಿಯಲ್ಲಿ ಸ್ಪೀಕರಿನ ಹೆಸರು ಬಂತು. ಅವರು ಮುಟ್ಟಿದರು, ಯಾವುದೋ ಭಜನೆ ಜೋರಾಗಿ ಶುರುವಾಯಿತು.

"ಸರಿ ಆಯ್ತಲ್ಲ, ಬಿಡಿ" ಅಂದರು ಅವರು.

ನನ್ನ ಪಿತ್ತ ನೆತ್ತಿಗೇರಿತು. "ಏನ್ ಬಿಡೋದು ಸಾರ್? ಇವರ ಮನೆ ಖಾಲಿ ಮಾಡ್ಸೋ ಮಾತು?"

ಅವರು ಹಾಡು ನಿಲ್ಲಿಸಿ, ನನ್ನನ್ನು ನೋಡದೆ ಅವಳಿಗೆ ಹೇಳಿದರು: "ಮನೆ ಖಾಲಿ ಮಾಡೋದು ಬೇಡ, ನಾಳೆಯಿಂದ ಕೆಲಸಕ್ಕೆ ಬಾ. ಇನ್ನು ಮೇಲೆ ಹುಷಾರಾಗಿ ಒರೆಸು."

ಇಂಥ ಮನುಷ್ಯನಿಗೆ ಏನು ಹೇಳುವುದು? ತಪ್ಪಾಯಿತು ಅನ್ನುವ ಮಾತು ಅವರ ಬಾಯಿಂದ ಹೊರಡಲೇ ಇಲ್ಲ. ಅವಳು ಬಟ್ಟೆಯನ್ನು ಮಡಿಸಿ ಜಗಲಿಯ ಕಟ್ಟೆಯ ಮೇಲಿಟ್ಟು ಇಳಿದುಬಿಟ್ಟಳು. ನಾನು ಹಿಂದೆ ಓಡಿದೆ.

"ನನ್ನಿಂದ ತಪ್ಪಾಯ್ತಕ್ಕ."

ಅವಳು ನಿಂತಳು. ನನ್ನ ಹೊಟ್ಟೆ ಸ್ವಲ್ಪ ತಣ್ಣಗಾಗುವಂಥ ಮಾತು ಬರುತ್ತದೆ ಅಂದುಕೊಂಡಿದ್ದೆ.

"ಸ್ಪೀಕರಿಂದು ಮೂರು ಫೋಟೋ ಕೇಳಿದ್ರಿ. ನನ್ನ ಹತ್ರ ಒಂದು ಮಾತು ಕೇಳ್ಸಬಹುದಿತ್ತು" ಅಂದಳು. "ಕೆಲಸಕ್ಕೆ ಬರ್ತೀನಿ, ಬರ್ದೆ ಎಲ್ಲಿಗ್ ಹೋಗ್ಲಿ. ನೀವು ಮಾತ್ರ ಇನ್ನೊಂದ್ಸಲ ಈ ಕಡೆ ಬರ್ಬೇಡಿ."

ಅವಳು ಲೈನ್‌ಮನೆಗಳ ಕಡೆ ಇಳಿದು ಹೋದಳು. ನಾನು ಗೇಟಿನ ಹತ್ತಿರ ಬಸ್ಸಿಗೆ ಕಾಯುತ್ತಾ ನಿಂತೆ.