ಮೂರನ್ನು ನಾಲ್ಕು ಮಾಡಿದ ಮೇಷ್ಟ್ರು

ನಮ್ಮ ಫ್ಲೆಕ್ಸ್ ಅಂಗಡಿಯ ಡಿಸೈನರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೀತಿದ್ವಿ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದ ಮನುಷ್ಯ ಅವರು. ಆದರೆ ಯಾರು ಪಕ್ಕದಲ್ಲಿ ಕೂತರೂ ಪಾಠ ಶುರು ಮಾಡಿಬಿಡೋರು, ಅದಕ್ಕೆ ಆ ಹೆಸರು. ಮೂವತ್ತು ವರ್ಷ ಏಣಿ ಹತ್ತಿ ಗೋಡೆ ಮೇಲೆ, ತಗಡಿನ ಮೇಲೆ ಬೋರ್ಡು ಬರೆದರು. ಫ್ಲೆಕ್ಸ್ ಮಿಷನ್ನು ಬಂದು ಬ್ರಷ್ಷಿನ ಅನ್ನಕ್ಕೆ ಮಣ್ಣು ಬಿದ್ದಾಗ, ಐವತ್ತೊಂದನೇ ವಯಸ್ಸಿನಲ್ಲಿ ಮೌಸ್ ಹಿಡಿದರು. ಮೊದಲ ವಾರ ಮೌಸನ್ನು ಬ್ರಷ್ಷಿನ ಥರಾ ಎತ್ತಿ ಹಿಡಿಯೋರು. ನಾವು ನಕ್ಕಿದ್ದೇ ನಕ್ಕಿದ್ದು. ಆರು ತಿಂಗಳಲ್ಲಿ ನಮ್ಮೆಲ್ಲರ ನಗು ನಿಂತಿತು, ಅಂಥಾ ಕೈ ಅವರದು.

ನಾನು ಅದೇ ಅಂಗಡಿಯಲ್ಲಿ ಬ್ಯಾನರಿನ ಅಂಚು ಮಡಚಿ ಅಂಟಿಸಿ, ಮೂಲೆಗೆ ರಿಂಗು ಹೊಡೆಯೋಳು. ನನ್ನ ಟೇಬಲ್ಲು ಅವರ ಕುರ್ಚಿಯ ಬೆನ್ನಿಗೇ ಇತ್ತು. ಅವರು ಏನು ಮಾಡಿದರೂ ನನ್ನ ಕಣ್ಣಿಗೆ ಬೀಳ್ತಿತ್ತು. ಇದನ್ನು ಮೊದಲೇ ಹೇಳಿಬಿಡ್ತೀನಿ, ಆಮೇಲೆ ನನಗೇನೂ ಗೊತ್ತಿರಲಿಲ್ಲ ಅನ್ನೋಕೆ ಬಾಯಿ ಬರೋದಿಲ್ಲ.

ಒಂದು ಮಧ್ಯಾಹ್ನ ಬೆಡ್‌ಶೀಟ್ ಅಂಗಡಿಯ ಯಜಮಾನ ಬಂದ. ಫೋನಿನಿಂದ ಒಂದು ಫೋಟೋ ಕಳಿಸಿದ. ಬೇರೆ ಕಡೆ ಮಾಡಿಸಿ ಅವನ ಅಂಗಡಿ ಮುಂದೆ ಹೋದ ತಿಂಗಳು ಕಟ್ಟಿದ್ದ ಬ್ಯಾನರು, ಎದುರು ರಸ್ತೆಯ ಮೂಲೆಯಿಂದ ಓರೆಯಾಗಿ ತೆಗೆದದ್ದು. ಎಡಗಡೆ ದೊಡ್ಡದು, ಬಲಗಡೆ ಹೋಗ್ತಾ ಹೋಗ್ತಾ ಸಣ್ಣದು. ನಡುವೆ ಹಳದಿ ಚೌಕದಲ್ಲಿ ಬೆಲೆ: ಜೋಡಿಗೆ 399. "ಇದನ್ನ 499 ಮಾಡ್ಕೊಡಿ ಮೇಷ್ಟ್ರೇ. ಗಿರಾಕಿಗಳಿಗೆ ಫೋನಲ್ಲಿ ಕಳಿಸೋಕೆ. ಹೊಸ ಬ್ಯಾನರ್ ಹಾಕಿಸೋ ಉಸಾಬರಿ ಯಾಕೆ," ಅಂದ.

"ಆ ಬ್ಯಾನರೇ ಎಲ್ಲಿ? ತಂದ್ರೆ ನೇರ ನಿಲ್ಲಿಸಿ ತೆಗೀಬಹುದಲ್ಲ," ಅಂದರು ಮೇಷ್ಟ್ರು.

"ಗಾಳಿಗೆ ಹರಿದು ಹೋಯ್ತು."

ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಕಷ್ಟದ ಕೆಲಸ ಅಂದರೆ ಅವರಿಗೆ ಹಬ್ಬದೂಟ. ನನ್ನನ್ನು ಕರೆದು ಪಾಠ ಶುರು ಮಾಡಿಯೇಬಿಟ್ಟರು. "ನೋಡಮ್ಮ, ಇದರ ಮೇಲೆ ಸುಮ್ನೆ ನಾಲ್ಕು ಅಂತ ಟೈಪ್ ಮಾಡಿದ್ರೆ ಹಣೆ ಮೇಲೆ ಸ್ಟಾಂಪ್ ಅಂಟಿಸಿದ ಹಾಗಿರುತ್ತೆ. ಬ್ಯಾನರು ಓರೆ, ಅಂಕಿ ನೇರ. ಕುರುಡನಿಗೂ ಗೊತ್ತಾಗುತ್ತೆ."

ಮೊದಲು ಬ್ಯಾನರಿನ ನಾಲ್ಕು ಮೂಲೆ ಹಿಡಿದರು. ಸರಿ ಬರಲಿಲ್ಲ. ಬ್ಯಾನರು ಕೆಳಗಡೆ ಜೋತುಬಿದ್ದಿತ್ತು, ಹಾಗಾಗಿ ನೇರ ಮಾಡಿದಾಗ ಕೆಳಗಿನ ಸಾಲು ಹೊಟ್ಟೆ ಬಿಟ್ಟುಕೊಂಡಿತು. "ಇದು ಹಲಗೆ ಥರ ಸಪಾಟಾಗಿರೋದಕ್ಕೆ ಮಾತ್ರ ಕೇಳುತ್ತೆ," ಅಂತ ಗೊಣಗಿ, ಅದನ್ನು ಬಿಟ್ಟು ಹಳದಿ ಚೌಕದ ನಾಲ್ಕು ಮೂಲೆಗಷ್ಟೇ ಚುಕ್ಕೆ ಇಟ್ಟರು. ಕಂಪ್ಯೂಟರು ಆ ಓರೆ ಚೌಕವನ್ನು ಎಳೆದು, ಎದುರಿಗೆ ನಿಂತು ನೋಡಿದ ಹಾಗೆ ನೇರ ಮಾಡಿಕೊಟ್ಟಿತು. ಆ ನೇರ ಚೌಕದಲ್ಲಿ ಮೂರನ್ನು ಹಳದಿಯಿಂದ ಮುಚ್ಚಿ, ಪಕ್ಕದ ಒಂಬತ್ತರಷ್ಟೇ ದಪ್ಪ, ಅಷ್ಟೇ ಎತ್ತರದ ನಾಲ್ಕು ಕೂರಿಸಿದರು. ಆಮೇಲೆ ಅದೇ ನಾಲ್ಕು ಚುಕ್ಕೆಗೆ ವಾಪಸ್ ಎಳೆದರು. ನಾಲ್ಕು ತಾನೇ ತಾನಾಗಿ ಓರೆಯಾಗಿ, ಬಲಗಡೆಗೆ ಒಂಚೂರು ಕುಗ್ಗಿ, ತನ್ನ ಜಾಗದಲ್ಲಿ ಕೂತಿತು.

ಅಲ್ಲಿಗೂ ಬಿಡಲಿಲ್ಲ. ಫೋಟೋ ಸ್ವಲ್ಪ ಮಬ್ಬಾಗಿತ್ತು, ಹೊಸ ಅಂಕಿ ಚಾಕುವಿನ ಹಾಗೆ ಚೂಪಾಗಿತ್ತು. ಅದನ್ನೂ ಅಷ್ಟೇ ಮಬ್ಬು ಮಾಡಿದರು, ಫೋಟೋದಲ್ಲಿದ್ದ ಮರಳಿನಂಥ ಕಾಳುಕಾಳು ಅದಕ್ಕೂ ಉದುರಿಸಿದರು. ಕರೆಂಟ್ ತಂತಿಯ ನೆರಳು ಆ ಮೂರರ ಮೇಲೆ ಹಾದುಹೋಗಿತ್ತು. ಅದನ್ನು ನಾಲ್ಕರ ಮೇಲೆ ಮತ್ತೆ ಎಳೆದರು. ಮುಗಿದಾಗ ಕುರ್ಚಿ ಹಿಂದೆ ತಳ್ಳಿ, "ದೇವರು ಬಂದ್ರೂ ಕಂಡುಹಿಡಿಯಲ್ಲ," ಅಂದರು. ನಾನೂ ಭೇಷ್ ಅಂದೆ. ಯಾಕೆ ಬೇಕು ಅಂತ ನಾವಿಬ್ಬರೂ ಎರಡನೇ ಸಲ ಕೇಳಲಿಲ್ಲ.

ಹತ್ತು ದಿನ ಕಳೆದಿರಬೇಕು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ ಒಬ್ಬಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬ್ಯಾನರ್ ಅಂಗಡಿಗೆ ಯಾರೂ ಚಪ್ಪಲಿ ಬಿಟ್ಟು ಬರಲ್ಲ. "ಸರ್, ಒಂದು ಫೋಟೋ ತಿದ್ದಿದ್ದಾರಾ ಇಲ್ವಾ ಅಂತ ನೀವು ಹೇಳ್ತೀರಂತೆ," ಅಂದಳು.

ಬೆಡ್‌ಶೀಟ್ ಅಂಗಡಿಯಲ್ಲಿ ಬಿಲ್ಲು ಬರೆಯೋಳು ಅವಳು. ಅಂಗಡಿಗೆ ಇಬ್ಬರು ಯಜಮಾನರು, ನಮ್ಮ ಹತ್ತಿರ ಬಂದವನು ಮತ್ತು ಅವನ ಭಾವ. ಭಾವ ಪರವೂರಿಗೆ ಹೋಗಿದ್ದಾಗ ಇವನು ತನ್ನ ಮನಸ್ಸಿಗೆ ಬಂದ ಹಾಗೆ ಬೆಲೆ ಇಳಿಸಿ ಬ್ಯಾನರು ಕಟ್ಟಿಸಿದ. ಮಾಲೆಲ್ಲ ಖಾಲಿಯಾಯಿತು. ಭಾವ ಬಂದು, "ನೂರು ಕಮ್ಮಿಗೆ ಯಾರನ್ನ ಕೇಳಿ ಮಾರಿದೆ?" ಅಂದಾಗ ಇವನಿಗೆ ನಡುಕ ಹುಟ್ಟಿತು. "ನಾನು 499 ಅಂತಲೇ ಹಾಕಿಸಿದ್ದೆ. ಈ ಹುಡುಗಿ ಬಿಲ್ಲಲ್ಲಿ 399 ಬರೆದು ಜೋಡಿಗೆ ನೂರು ನುಂಗಿದ್ದಾಳೆ," ಅಂದುಬಿಟ್ಟ. ಸಾಕ್ಷಿಗೆ ಫೋಟೋ ತೋರಿಸಿದ, ಅವಳ ಮನೆಗೂ ಕಳಿಸಿದ. ಜೊತೆ ಕೆಲಸದವರು ಬಾಯಿಗೆ ಬೀಗ ಹಾಕಿಕೊಂಡರು. ಅವಳನ್ನು ಅವತ್ತೇ ಮನೆಗೆ ಕಳಿಸಿದರು.

"ಕೆಲಸ ಹೋದ್ರೆ ಹೋಗ್ಲಿ ಸರ್, ಇನ್ನೊಂದು ಸಿಗುತ್ತೆ," ಅಂದಳು. "ಆದ್ರೆ ನಮ್ಮಪ್ಪ ಬಸ್ ಕಂಡಕ್ಟರ್ ಆಗಿದ್ರು. ಮೂವತ್ನಾಲ್ಕು ವರ್ಷದಲ್ಲಿ ಒಂದು ಟಿಕೆಟ್ ಹೆಚ್ಚುಕಮ್ಮಿ ಆಗಿಲ್ಲ. ಆ ಫೋಟೋ ನೋಡಿದ ಮೇಲೆ ನನ್ನ ಹತ್ರ ಮಾತು ಬಿಟ್ಟಿದ್ದಾರೆ. ಊಟಾನೂ ನನ್ನ ಕೈಯಿಂದ ತಗೋತಿಲ್ಲ. ಬ್ಯಾನರಲ್ಲಿ ಮೂರೇ ಇತ್ತು, ದಿನಾ ಅದರ ಕೆಳಗೇ ಹೋಗಿ ಬರ್ತಿದ್ದೆ. ಸುಳ್ಳಿದ್ರೆ ಗೊತ್ತಾಗುತ್ತಲ್ವಾ ಸರ್?"

ಅವಳ ಫೋನಿಂದ ಫೋಟೋ ಪರದೆ ಮೇಲೆ ಬಂತು. ನಾಲ್ಕರ ಮೇಲೆ ಅದೇ ತಂತಿಯ ನೆರಳು. ಮೇಷ್ಟ್ರು ನನ್ನ ಕಡೆ ತಿರುಗಲಿಲ್ಲ.

ಹೇಳಬಹುದಿತ್ತು. ಒಂದು ಮಾತು. ಆದರೆ ಹೇಳಿದರೆ ಬೆಡ್‌ಶೀಟಿನವನು ಬಂದು ಗಲಾಟೆ ಮಾಡುತ್ತಾನೆ, ನಮ್ಮ ಯಜಮಾನರು ಈ ವಯಸ್ಸಿನಲ್ಲಿ ಹೊರಗೆ ಹಾಕುತ್ತಾರೆ, ಪೊಲೀಸು ಗಿಲೀಸು ಅಂತ ಮೇಷ್ಟ್ರು ಲೆಕ್ಕ ಹಾಕಿರಬೇಕು. ನಾನಂತೂ ಹಾಕಿದೆ. ಹೆದರಿದ ಮನುಷ್ಯ ಕೈಗೆ ಅಭ್ಯಾಸವಾದ ಕೆಲಸಕ್ಕೇ ಕೈಹಾಕುತ್ತಾನೆ. ಮೇಷ್ಟ್ರು ಪಾಠ ಮಾಡೋಕೆ ಶುರು ಮಾಡಿದರು.

"ನೋಡಮ್ಮ, ಈ ಚೌಕದ ನಾಲ್ಕು ಮೂಲೆ ಹಿಡೀತೀನಿ. ನೇರ ಮಾಡ್ತೀನಿ. ಯಾರಾದ್ರೂ ಮೇಲಿಂದ ಅಂಟಿಸಿದ್ರೆ, ಚೌಕ ನೇರ ಆದಾಗ ಆ ಅಂಕಿ ಮಾತ್ರ ಓರೆಯಾಗಿ ಕಾಣುತ್ತೆ." ಚೌಕ ನೇರವಾಯಿತು. ನಾಲ್ಕು, ಒಂಬತ್ತು, ಒಂಬತ್ತು, ಎಲ್ಲವೂ ಒಂದೇ ಗೆರೆ ಮೇಲೆ ನೆಟ್ಟಗೆ ನಿಂತವು. ನಿಲ್ಲದೆ ಏನು? ಅದೇ ದಾರಿಯಲ್ಲಿ ಹೋದದ್ದು ಅದೇ ದಾರಿಯಲ್ಲಿ ವಾಪಸ್ ಬಂತು ಅಷ್ಟೇ.

"ಏನೂ ಓರೆ ಇಲ್ಲಮ್ಮ," ಅಂದರು.

ಅವಳು ಪರದೆಯ ಹತ್ತಿರ ಬಗ್ಗಿ ತುಂಬಾ ಹೊತ್ತು ನೋಡಿದಳು. "ಹಾಗಾದ್ರೆ ನನ್ನ ಕಣ್ಣೇ ತಪ್ಪಿತಾ?" ಅಂದಳು. ಎಷ್ಟಾಯ್ತು ಸರ್ ಅಂತ ಪರ್ಸು ತೆಗೆದಳು, ಬೇಡ ಬೇಡ ಅಂದರು ಮೇಷ್ಟ್ರು. ಹೋಗುವಾಗ ಥ್ಯಾಂಕ್ಸ್ ಬೇರೆ ಹೇಳಿ ಹೋದಳು.

ಅವಳು ತಿರುವು ದಾಟಿದ ಮೇಲೆ ನಾನು ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಮೇಷ್ಟ್ರು ತಲೆ ತಗ್ಗಿಸಿ, "ನೀನು ಹೇಳಬಹುದಿತ್ತಲ್ಲಮ್ಮ," ಅಂದರು. ನಿಜ ತಾನೇ, ನನಗೇನು ನಾಲಿಗೆ ಇರಲಿಲ್ಲವಾ?

ಅವತ್ತಿಂದ ಮನುಷ್ಯ ಮೆತ್ತಗಾದರು. ಪಾಠ ನಿಂತಿತು. ಯಾರಾದರೂ ಫೋಟೋ ತಿದ್ದಿ ಅಂದರೆ ಕಣ್ಣು ಮಂಜು ಅಂತ ತಪ್ಪಿಸಿಕೊಳ್ಳೋರು. ಊಟದ ಡಬ್ಬಿ ಬಿಚ್ಚಿ, ಎರಡು ತುತ್ತು ತಿಂದು, ಮುಚ್ಚಿ ವಾಪಸ್ ತಗೊಂಡು ಹೋಗೋರು. ಕೆಲಸದ ಮಧ್ಯೆ ಇದ್ದಕ್ಕಿದ್ದ ಹಾಗೆ, "ಅವರಪ್ಪ ಈಗ ಮಾತಾಡ್ತಿರಬಹುದು ಅಲ್ವಾ? ಹೆತ್ತ ಮಗಳು, ಎಷ್ಟು ದಿನ ಮುನಿಸು?" ಅಂತ ಕೇಳೋರು. ಮಾತಾಡ್ತಿರ್ತಾರೆ ಬಿಡಿ ಅಂತ ನಾನು ಅನ್ನೋಳು. ಇಬ್ಬರೂ ಅದನ್ನೇ ನಂಬಿಕೊಂಡು ಒಂದೂವರೆ ತಿಂಗಳು ತಳ್ಳಿದೆವು.

ಕೊನೆಗೆ ಒಂದು ಶನಿವಾರ ಮೇಷ್ಟ್ರು ಕಂಪ್ಯೂಟರಿನಲ್ಲಿ ಹಾಗೇ ಉಳಿದಿದ್ದ ಮೂಲ ಫೋಟೋ ತೆಗೆದು, ದಪ್ಪ ಕಾಗದದ ಮೇಲೆ ಪ್ರಿಂಟು ಹಾಕಿದರು. ಕೆಳಗೆ ತಮ್ಮ ಕೈಯಾರೆ, "ನಾನೇ ತಿದ್ದಿದ್ದು" ಅಂತ ಬರೆದು ಸಹಿ ಮಾಡಿದರು. ಬೋರ್ಡು ಬರೆಯೋರ ಅಕ್ಷರ, ತಪ್ಪೊಪ್ಪಿಗೆಯಲ್ಲೂ ಅಂದವಾಗಿತ್ತು. "ಆ ಹುಡುಗಿ ಮನೆ ವಿಚಾರಿಸಿದ್ದೀನಿ, ನಾಳೆ ಜೊತೆಗೆ ಬಾಮ್ಮ. ಒಬ್ಬನೇ ಹೋದ್ರೆ ಬಾಗಿಲಿಂದಲೇ ವಾಪಸ್ ಬಂದುಬಿಡ್ತೀನಿ," ಅಂದರು.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆಯ ಮನೆ. ಬಾಗಿಲು ತೆಗೆದವಳು ಅವಳೇ. ಗುರುತು ಹಿಡಿದು, "ಬನ್ನಿ ಸರ್," ಅಂದಳು. ಒಳಗೆ ಅವಳ ತಾಯಿ ಗೋಡೆಗೆ ಒರಗಿ ಕೂತಿದ್ದರು. ಒಂದು ಮಂಚವನ್ನು ಹಾಸಿಗೆ ತೆಗೆದು ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಅದನ್ನು ನೋಡಿದ ಕೂಡಲೇ ನಾನು ಮೇಷ್ಟ್ರ ತೋಳು ಹಿಡಿದೆ. ಮೇಷ್ಟ್ರಿಗೆ ಅದು ಕಾಣಲಿಲ್ಲ. ಅವರು ಫೋಟೋವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಒಂದೇ ಉಸಿರಿಗೆ ಹೇಳಿದರು. "ಬ್ಯಾನರಲ್ಲಿ ಮೂರೇ ಇತ್ತಮ್ಮ. ನಾಲ್ಕು ಮಾಡಿದ್ದು ನಾನು. ನಿಮ್ಮ ಅಪ್ಪಾವ್ರನ್ನ ಕರೀರಿ, ಅವರ ಎದುರಿಗೇ ಹೇಳ್ತೀನಿ. ಆ ಭಾವನ ಹತ್ರಾನೂ ಬರ್ತೀನಿ."

ಅವಳು ಫೋಟೋ ಇಸಕೊಂಡು ಮೂರರ ಮೇಲೆ ಬೆರಳಿಟ್ಟಳು. "ಅಪ್ಪ ಹೋಗಿ ಹತ್ತೊಂಬತ್ತು ದಿನ ಆಯ್ತು ಸರ್," ಅಂದಳು.

ಮೇಷ್ಟ್ರು ನೆಲದ ಮೇಲೆ ಕೂತರು.

"ನನಗೆ ಫೋಟೋ ನೇರ ಮಾಡಿ ತೋರಿಸಿದ್ರಲ್ಲ ಸರ್, ಅವತ್ತು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕೂಗಾಡುತ್ತಾಳೆ ಅಂದುಕೊಂಡೆ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ತಾಯಿ ಪಕ್ಕದಲ್ಲಿ ಕೂತು ನಿಧಾನಕ್ಕೆ ಹೇಳಿದಳು. "ಅವತ್ತಿನ ತನಕ ನಾನು ಕದ್ದಿಲ್ಲ ಕದ್ದಿಲ್ಲ ಅಂತ ಜಗಳ ಆಡ್ತಿದ್ದೆ. ಅಪ್ಪನೂ ಒಳಗೊಳಗೇ ಅನುಮಾನದಲ್ಲಿದ್ರು ಅನ್ಸುತ್ತೆ, ಅದಕ್ಕೇ ಯಾರಿಗಾದ್ರೂ ತೋರಿಸು ಹೋಗು ಅಂತ ಅಮ್ಮನ ಹತ್ರ ಹೇಳಿ ಕಳಿಸಿದ್ದು. ನಿಮ್ಮಲ್ಲಿಂದ ಬಂದು, ಫೋಟೋ ನಿಜ ಅಪ್ಪ, ನಾನೇ ತಪ್ಪು ಮಾಡಿದ್ದೀನಿ, ಕ್ಷಮಿಸಿ ಅಂತ ಕಾಲು ಹಿಡಿದೆ. ಮಾತಾದ್ರೂ ಆಡ್ಲಿ ಅಂತ. ಅವರು ಕಾಲು ಹಿಂದಕ್ಕೆ ಎಳಕೊಂಡ್ರು."

ಮೇಷ್ಟ್ರು ಅಳುತ್ತಿದ್ದರು. ನಾನೂ. ತಾಯಿ ಮಗಳ ಕೈಯಿಂದ ಫೋಟೋ ತೆಗೆದುಕೊಂಡು, ಅತ್ತಿತ್ತ ತಿರುಗಿಸಿ, "ಏನೇ ಇದು? ಇದರಲ್ಲಿ ಎಷ್ಟು ಅಂತ ಬರೆದಿದೆ?" ಅಂತ ಕೇಳಿದರು.

"ಮುನ್ನೂರ ತೊಂಬತ್ತೊಂಬತ್ತು ಅಮ್ಮ," ಅಂದಳು ಮಗಳು.