ಎರಡೂವರೆಯ ತರಗತಿ

ಶಿರ್ತಾಡಿಯ ಹಾಲಿನ ಸೊಸೈಟಿಯ ಮಹಡಿಯಲ್ಲಿ ಹಿರಿಯರಿಗೆ ಮೊಬೈಲಿನಿಂದ ಹಣ ಕಳಿಸುವುದನ್ನು ಕಲಿಸಲು ನಿವೃತ್ತ ಶಿಕ್ಷಕಿ ವಸುಧಾ ಆಸ್ಥೆಯಿಂದ ಯೋಜನೆ ಹಾಕಿದ್ದರು. ಒಂದೊಂದು ರೂಪಾಯಿ ಕಳಿಸಿ ಅಭ್ಯಾಸ, ಕಳಿಸುವ ಮುನ್ನ ಪರದೆಯ ಮೇಲಿನ ಹೆಸರು ಓದುವುದು, ಆಮೇಲೆ ಮೋಸದ ಕರೆಗಳ ಪಾಠ. ಸಮಯ ಬೆಳಿಗ್ಗೆ ಹತ್ತು. ಬಂದು ಕೂತವರೆಲ್ಲ ಗಂಡಸರು. ಅರ್ಧಕ್ಕರ್ಧ ಮಂದಿಯ ಕೈಯಲ್ಲಿ ಹೆಂಡತಿಯ ಫೋನು.

ಮುಂದಿನ ಬೆಂಚಿನಲ್ಲಿ ಸುಕುಮಾರರು. ಅವರ ಮನೆಯಲ್ಲಿ ಹಟ್ಟಿ ಗುಡಿಸುವುದು, ಹುಲ್ಲು ತರುವುದು, ಹಾಲು ಕರೆಯುವುದು ಎಲ್ಲ ಹೆಂಡತಿ ಕಮಲಾವತಿ. ಹಾಲಿನ ದುಡ್ಡು ಬೀಳುವುದು ಆಕೆಯ ಖಾತೆಗೆ, ಸಿಮ್ಮೂ ಆಕೆಯದೇ. ಕ್ಯಾನು ತರುವುದು, ಫೋನು ಒತ್ತುವುದು ಇವರ ಪಾಲು.

"ಕಮಲಕ್ಕ ಎಲ್ಲಿ?" ವಸುಧಾ ಕೇಳಿದರು.

"ಅವಳಿಗೆಲ್ಲಿ ಪುರುಸೊತ್ತು ಟೀಚರೆ? ನಾನು ಕಲಿತು ಹೇಳ್ತೇನೆ."

"ಅವರ ಪಿನ್ ಯಾರು ಹಾಕಿದ್ದು?"

"ನಾನೇ. ನಾನು ಹುಟ್ಟಿದ ಇಸವಿ. ಮರೆತುಹೋಗುದಿಲ್ಲ ನೋಡಿ."

'ಪಿನ್ ಯಾರಿಗೂ ಹೇಳಬೇಡಿ' ಎಂದು ಆಗಷ್ಟೇ ಬೋರ್ಡಿನಲ್ಲಿ ಬರೆದಿದ್ದ ವಸುಧಾ ಚಾಕ್‌ಪೀಸು ಕೆಳಗಿಟ್ಟರು. ಹಿಂದಿನ ಸಾಲಿನವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಎಲ್ಲರ ಮನೆಯಲ್ಲೂ ಹೀಗೆಯೇ.

ವಸುಧಾ ಸೊಸೈಟಿಯ ಕಾರ್ಯದರ್ಶಿ ಧರ್ಣಪ್ಪನನ್ನು ಕರೆದರು. "ನಾಳೆಯಿಂದ ಮಧ್ಯಾಹ್ನ ಎರಡೂವರೆಗೆ ಮಾಡುವ. ಫೋನು ಯಾರದ್ದೋ ಅವರೇ ಬರಬೇಕು."

"ಅದು ಮಲಗುವ ಹೊತ್ತಲ್ವಾ ಮೇಡಂ?"

"ಮಲಗುವವರು ಮಲಗಲಿ ಮಾರಾಯ. ಅಡುಗೆ ಮಾಡಿ, ಬಡಿಸಿ, ಪಾತ್ರೆ ತೊಳೆದವರಿಗೆ ಸಂಜೆ ಹಾಲು ಕರೆಯುವವರೆಗೆ ಸಿಗುವುದು ಅಷ್ಟೇ ಹೊತ್ತು."

ಮರುದಿನ ಕಮಲಾವತಿ ಬಂದರು. ಬೆನ್ನ ಹಿಂದೆಯೇ ಸುಕುಮಾರರು.

"ನಮಗೆ ದುಡ್ಡು ಬರಲಿಕ್ಕೆ ಪಿನ್ ಬೇಡ," ಎಂದು ವಸುಧಾ ಶುರುಮಾಡಿದರು. "ದುಡ್ಡು ಕೊಡ್ತೇನೆ, ಪಿನ್ ಹಾಕಿ ಅಂತ ಯಾರಾದರೂ ಹೇಳಿದರೆ ಅದು ಮೋಸ. ಈಗ ಹಳೇ ಪಿನ್ ಬದಲಿಸುವ."

ಹಳೆಯದನ್ನು ಒತ್ತಿದ್ದಾಯಿತು. ಹೊಸದು ಕೇಳಿತು. ಸುಕುಮಾರರು ಹೆಂಡತಿಯ ಹೆಗಲ ಮೇಲೆ ಬಗ್ಗಿದರು.

"ನೀವು ಆಚೆ ಕೂತ್ಕೊಳ್ಳಿ," ಎಂದರು ವಸುಧಾ.

"ನಾನು ಅವಳ ಗಂಡ ಮಾರಾಯ್ರೆ."

"ಬ್ಯಾಂಕಿನವರಿಗೇ ಹೇಳ್ಲಿಕ್ಕಿಲ್ಲ. ಗಂಡಂದಿರಿಗೆ ಬೇರೆ ಕಾನೂನು ಉಂಟಾ?"

ಕಮಲಾವತಿ ಒರಟು ಬೆರಳನ್ನು ಸೀರೆಗೆ ಒರೆಸಿ, ಗೋಡೆಯ ಕಡೆ ತಿರುಗಿ, ಸೆರಗು ಅಡ್ಡ ಹಿಡಿದು ಒತ್ತಿದರು. ಫೋನು ಮತ್ತೊಮ್ಮೆ ಕೇಳಿತು, ಮತ್ತೊಮ್ಮೆ ಒತ್ತಿದರು. ಆಮೇಲೆ ಪರದೆಯ ಮೇಲೆ ಬಂದ ಟೀಚರ ಹೆಸರನ್ನು ಗಟ್ಟಿಯಾಗಿ ಓದಿ, ಸರಿಯೆಂದು ಖಚಿತಮಾಡಿಕೊಂಡು, ಅವರಿಗೆ ಒಂದು ರೂಪಾಯಿ ಕಳಿಸಿದರು. ಹೋಯಿತು.

"ಎಂತ ಹಾಕಿದ್ದು ನೀನು?" ಸುಕುಮಾರರು ಪಿಸುಗುಟ್ಟಿದರು.

"ಹೇಳ್ಲಿಕ್ಕಿಲ್ಲವಂತೆ."

"ಮತ್ತೆ ಹಿಂಡಿಯ ದುಡ್ಡು ಯಾರು ಕೊಡುದು?"

"ದನದ್ದು ನಾನು ಕೊಡ್ತೇನೆ. ನಿಮ್ಮ ಹೋಟೆಲಿನ ಚಾದ ಲೆಕ್ಕಕ್ಕೆ ನಿಮ್ಮ ಖಾತೆ ಉಂಟಲ್ಲ."

ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಮಲಾವತಿ ಮೆಟ್ಟಿಲಿಳಿದರು. ಸುಕುಮಾರರು ಏನೋ ಕೇಳುತ್ತ ಹಿಂದೆಯೇ ಇಳಿದರು. ವಸುಧಾ ತಲೆಯೆತ್ತಿದರೆ, ಮುಂದಿನ ಬೆಂಚಿನಲ್ಲಿ, ಪಕ್ಕದಲ್ಲೇ ಕೂತ ಹೆಂಡತಿಯ ಫೋನು ಹಿಡಿದುಕೊಂಡು ಮತ್ತೊಬ್ಬ ಗಂಡ.

"ಅದನ್ನು ಅವರ ಕೈಗೆ ಕೊಡಿ," ಎಂದರು ವಸುಧಾ.