ನೂರು ಕಿಲೋಓಮಿನ ಮುಂದೆ

ಆ ದಿನ ಅವಳು ಏನಾದರೂ ಹೇಳಿದಳೇ, ಸುಮ್ಮನಿದ್ದಳೇ ಎಂಬುದು ನನಗೆ ಖಚಿತವಿಲ್ಲ. ಸುಮ್ಮನಿದ್ದಳು ಎಂದೇ ಬಹಳ ಕಾಲ ನಂಬಿದ್ದೆ. ಹಾಗೆ ನಂಬುವುದರಿಂದ ನನಗೆ ಅನುಕೂಲವಿತ್ತು, ಆದ್ದರಿಂದಲೇ ಈಗ ಆ ನೆನಪಿನ ಮೇಲೆ ಅನುಮಾನ.

ಗ್ರೇಟರ್ ನೋಯ್ಡಾದ ಒಂದು ಸಣ್ಣ ಕಂಪನಿ. ಕಾರ್ಖಾನೆಗಳ ಚಿಮಣಿ ಹೊಗೆಯಲ್ಲಿ ಯಾವ ಅನಿಲ ಎಷ್ಟಿದೆ ಎಂದು ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವ ಯಂತ್ರ ಮಾಡುತ್ತಿದ್ದೆವು. ಅವಳು ದಾವಣಗೆರೆಯವಳು, ಪ್ರೊಬೇಷನ್ನಿನಲ್ಲಿದ್ದಳು. ನಾನು ಅವಳ ಸರ್ಕ್ಯೂಟ್ ಪರಿಶೀಲಿಸಿ ಒಪ್ಪಿಗೆ ಕೊಡಬೇಕಾದ ಹಿರಿಯ. ಇಡೀ ಆಫೀಸಿನಲ್ಲಿ ಕನ್ನಡ ಮಾತಾಡುತ್ತಿದ್ದವರು ನಾವಿಬ್ಬರೇ. ಈ ಬೋರ್ಡ್ ಕೆಲಸ ಮಾಡಿದರೆ ಅವಳ ನೌಕರಿ ಕಾಯಂ ಎಂದು ಬಾಸ್ ಎಲ್ಲರ ಮುಂದೆ ಹೇಳಿದ್ದರು.

ಡಿಟೆಕ್ಟರಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು. ಅದನ್ನು ದೊಡ್ಡದು ಮಾಡಲು ಅವಳು ಆರಿಸಿದ್ದ ಆಪ್-ಆಂಪ್ ಚಿಪ್ಪಿನ ವೋಲ್ಟೇಜ್ ನೋಯ್ಸ್, ಅಂದರೆ ಚಿಪ್ ತಾನೇ ಸೇರಿಸುವ ಗಲಾಟೆ, ಎಂಟು ನ್ಯಾನೋವೋಲ್ಟ್. ನಾನು ಅದಕ್ಕೂ ಮುಂಚೆ ಎಂಟು ವರ್ಷ ತೂಕದ ಯಂತ್ರ ಮಾಡಿದವನು. ಅಲ್ಲಿನ ಸೆನ್ಸರ್ ಬರೀ ಮುನ್ನೂರೈವತ್ತು ಓಮ್. ಒಂದು ನ್ಯಾನೋವೋಲ್ಟಿನ ಚಿಪ್ ಹಾಕಿದರೆ ಸಾಕು, ಪರದೆಯ ಮೇಲೆ ಗೆರೆ ಕೆರೆಯ ನೀರಿನಂತೆ ನಿಲ್ಲುತ್ತಿತ್ತು. ನನ್ನ ಹೆಮ್ಮೆಯ ಚಿಪ್ ಅದು.

“ಎಂಟಾ? ಏನಮ್ಮಾ, ನಮ್ಮ ಯಂತ್ರ ಹೊಗೆ ಅಳೀಬೇಕೋ, ಈ ಚಿಪ್ಪಿನ ಗಲಾಟೆ ಅಳೀಬೇಕೋ?” ಎಂದೆ. ಅದನ್ನೇ ಹಿಂದಿಯಲ್ಲಿ ಹೇಳಿ ಉಳಿದವರನ್ನೂ ನಗಿಸಿದೆ. ಅವಳೂ ನಕ್ಕಳು ಎಂದು ನನ್ನ ನೆನಪು. ನನ್ನ ಚಿಪ್ ಬೋರ್ಡಿಗೆ ಹೋಯಿತು.

ನಮ್ಮಲ್ಲೊಂದು ರೂಢಿ ಇತ್ತು. ಬೋರ್ಡಿನ ನೋಯ್ಸ್ ಅಳೆಯುವಾಗ ಡಿಟೆಕ್ಟರ್ ತೆಗೆದು, ಇನ್‌ಪುಟ್ಟಿಗೆ ಒಂದು ತಂತಿ ಹಾಕಿ ಶಾರ್ಟ್ ಮಾಡುವುದು, ಅಳತೆ ಸರಿ ಬಂದರೆ ಹಸಿರು ಸ್ಟಿಕ್ಕರ್ ಅಂಟಿಸುವುದು. ತೂಕದ ಯಂತ್ರದಿಂದ ನಾನೇ ತಂದ ರೂಢಿ. ಬೋರ್ಡ್ ಅದ್ಭುತವಾಗಿ ಪಾಸಾಯಿತು.

ಕಾರ್ಖಾನೆಯಲ್ಲಿ ಯಂತ್ರ ಹಚ್ಚಿದಾಗ ಅಂಕಿ ಒಂದು ಕ್ಷಣವೂ ನಿಲ್ಲಲಿಲ್ಲ.

“ಯೇ ಕ್ಯಾ ಹೈ ಭಾಯ್, ಭಾಂಗ್ಡಾ?” ಎಂದರು ಬಾಸ್, ಕುಣಿಯುವ ಅಂಕಿ ತೋರಿಸಿ, ಗಿರಾಕಿಯ ಎದುರಿಗೇ.

“ಶೀಲ್ಡಿಂಗ್ ಸರಿಯಿಲ್ಲ ಅನಿಸುತ್ತೆ, ಲೇಔಟ್ ನೋಡಬೇಕು” ಎಂದು ನಾನು ಹಿಂದಿಯಲ್ಲಿ ಹೇಳಿದೆ. ಬೋರ್ಡಿನ ಮೇಲೆ ಭಾಗಗಳನ್ನು ಜೋಡಿಸಿದ ಆ ಲೇಔಟ್ ಅವಳದು. ಮೂರು ವಾರ ಅವಳು ಹೊರಗಿನ ಗಲಾಟೆ ತಡೆಯಲು ಬೋರ್ಡಿಗೆ ತಾಮ್ರದ ಹಾಳೆ ಸುತ್ತಿದಳು, ಕೇಬಲ್ ಬದಲಿಸಿದಳು. ಅಂಕಿ ಕುಣಿಯುತ್ತಲೇ ಇತ್ತು. ಅವಳನ್ನು ಕಾಯಂ ಮಾಡಲಿಲ್ಲ. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು, “ಬರ್ತೀನಿ ಸರ್. ಚಿಪ್ ನಿಮ್ದು ಒಳ್ಳೇದೇ, ಸರ್” ಎಂದಳು. ಹೊಗಳಿದಳು ಅಂದುಕೊಂಡೆ.

ಅವಳು ಹೋದ ಮೇಲೆ ಒಂದು ಮಧ್ಯಾಹ್ನ, ಯಾಕೋ, ಇನ್‌ಪುಟ್ಟಿನ ತಂತಿ ಕಿತ್ತು ಅಲ್ಲಿ ನೂರು ಕಿಲೋಓಮಿನ ಒಂದು ರೆಸಿಸ್ಟರ್ ಬೆಸುಗೆ ಹಾಕಿದೆ. ನಮ್ಮ ಡಿಟೆಕ್ಟರಿನ ರೆಸಿಸ್ಟೆನ್ಸ್ ಅಷ್ಟೇ. ಪರದೆಯ ಗೆರೆ ಊದಿಕೊಂಡಿತು.

ಲೆಕ್ಕ ಕಾಲೇಜಿನ ಎರಡನೇ ವರ್ಷದ್ದು. ಆಪ್-ಆಂಪಿಗೆ ವೋಲ್ಟೇಜ್ ನೋಯ್ಸ್ ಮಾತ್ರವಲ್ಲ, ಕರೆಂಟ್ ನೋಯ್ಸೂ ಇದೆ. ಅದು ಸೆನ್ಸರಿನ ರೆಸಿಸ್ಟೆನ್ಸಿನಲ್ಲಿ ಹರಿದು ವೋಲ್ಟೇಜಾಗುತ್ತದೆ. ನನ್ನ ಚಿಪ್ಪಿನದು ಎರಡು ಪಿಕೋಆಂಪ್. ಮುನ್ನೂರೈವತ್ತು ಓಮಿನಲ್ಲಿ ಅದು ಒಂದು ನ್ಯಾನೋವೋಲ್ಟಿಗೂ ಕಡಿಮೆ, ನೂರು ಕಿಲೋಓಮಿನಲ್ಲಿ ಇನ್ನೂರು. ಡಿಟೆಕ್ಟರಿನ ರೆಸಿಸ್ಟೆನ್ಸ್ ತಾನಾಗಿ ಮಾಡುವ ನೋಯ್ಸೇ ನಲವತ್ತು. ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆದರೆ ನನ್ನದು ಇನ್ನೂರನಾಲ್ಕು. ಅವಳ ಚಿಪ್ಪಿನ ಕರೆಂಟ್ ನೋಯ್ಸ್ ಲೆಕ್ಕಕ್ಕೇ ಬಾರದಷ್ಟು ಕಡಿಮೆ, ನಾನು ಗೇಲಿ ಮಾಡಿದ ಎಂಟು ಆ ನಲವತ್ತರಲ್ಲಿ ಮುಳುಗಿಹೋಗುತ್ತದೆ, ಒಟ್ಟು ನಲವತ್ತೊಂದು. ಶಾರ್ಟ್ ಮಾಡಿದ ತಂತಿಗೆ ರೆಸಿಸ್ಟೆನ್ಸೇ ಇಲ್ಲವಾದ್ದರಿಂದ ನಮ್ಮ ಹಸಿರು ಸ್ಟಿಕ್ಕರಿಗೆ ಇದೆಲ್ಲ ಕಾಣುತ್ತಲೇ ಇರಲಿಲ್ಲ.

ಎರಡೂ ಚಿಪ್ಪುಗಳ ಕಾಲುಗಳ ಜೋಡಣೆ ಒಂದೇ. ನನ್ನ ಚಿಪ್ ತೆಗೆದು ಅವಳದನ್ನು ಕೂರಿಸಿದೆ. ಕಾರ್ಖಾನೆಯಲ್ಲಿ ಅಂಕಿ ನಿಂತಿತು.

“ಶಾಬಾಶ್! ಕ್ಯಾ ಕಿಯಾ?” ಎಂದರು ಬಾಸ್.

“ಇನ್‌ಪುಟ್ ಸ್ಟೇಜ್ ಸ್ವಲ್ಪ ಸುಧಾರಿಸಿದೆ” ಎಂದೆ.

ಆಮೇಲೆ ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡದ್ದು ಇಷ್ಟು: ಅವಳಿಗೆ ಕಾರಣ ಗೊತ್ತಿದ್ದರೆ ಹೇಳಬೇಕಿತ್ತು, ಹೇಳಲಿಲ್ಲ. ಎಂಟನ್ನು ಆರಿಸಿದ್ದು ಅದೃಷ್ಟವಿರಬೇಕು.

ಕಳೆದ ತಿಂಗಳು ಕಂಪನಿ ಬಿಡುವಾಗ ಹಳೆಯ ಫೈಲುಗಳನ್ನು ಒಪ್ಪಿಸಬೇಕಿತ್ತು. ಆ ಬೋರ್ಡಿನ ಪರಿಶೀಲನೆಯಲ್ಲಿ ಆಕ್ಷೇಪಗಳನ್ನು ದಾಖಲಿಸಿದ ಪಟ್ಟಿ ತೆರೆದು ನೋಡಿದೆ. ಹದಿನಾಲ್ಕನೆಯ ಸಾಲು ಅವಳದು: ಡಿಟೆಕ್ಟರ್ ನೂರು ಕಿಲೋಓಮ್, ಈ ಚಿಪ್ಪಿನ ಕರೆಂಟ್ ನೋಯ್ಸಿನಿಂದಲೇ ಇನ್ನೂರು ನ್ಯಾನೋವೋಲ್ಟ್, ದಯವಿಟ್ಟು ಶಾರ್ಟ್ ಮಾಡದೆ ಅಳೆಯಿರಿ. ಪಕ್ಕದ ಕಾಲಮಿನಲ್ಲಿ ‘ನೋಡಲಾಗಿದೆ, ಅಗತ್ಯವಿಲ್ಲ’ ಎಂದಿದೆ. ಹಾಗೆ ಬರೆದು ಆ ಸಾಲನ್ನು ಮುಚ್ಚಿದ ಲಾಗಿನ್ ನನ್ನದು.